ಹ್ಯಾಮ್ಲೆಟ್ ಚಿಕ್ಕಪ್ಪನನ್ನು ಕೊಲ್ಲಲು ಇಷ್ಟು ತಡ ಮಾಡುವುದು ಯಾಕೆ?

ಸಂಧ್ಯಾ_ಹಾಸನ
ಎಲ್ಲರಿಗೂ ನಮಸ್ಕಾರ. ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದೇನೆ. ಹ್ಯಾಮ್ಲೆಟ್ ಓದಿ ಮುಗಿಸಿದೆ. ನನ್ನ ಹತ್ತಿರ ಇರುವ ಗೈಡ್‌ನಲ್ಲಿ ಒಂದೇ ಉತ್ತರ: ರಾಜಕುಮಾರ ಅತಿಯಾಗಿ ಯೋಚಿಸುತ್ತಾನೆ, ಅದಕ್ಕೇ ಅಪ್ಪನ ಸಾವಿಗೆ ಸೇಡು ತೀರಿಸಿಕೊಳ್ಳಲು ತಡ ಮಾಡುತ್ತಾನೆ.

ನನಗೆ ಇದು ಒಪ್ಪಿಗೆ ಆಗುತ್ತಿಲ್ಲ. ಇದೇ ಮನುಷ್ಯ ಪರದೆಯ ಹಿಂದೆ ಯಾರಿದ್ದಾರೆ ಅಂತ ನೋಡದೆಯೇ ಕತ್ತಿ ಚುಚ್ಚಿ ಮಂತ್ರಿ ಪೊಲೋನಿಯಸ್‌ನನ್ನು ಕೊಲ್ಲುತ್ತಾನೆ. ಜೊತೆಗೆ ಬೆಳೆದ ಇಬ್ಬರು ಗೆಳೆಯರನ್ನು ಒಂದು ಕಾಗದ ಬದಲಾಯಿಸಿ ಸಾವಿಗೆ ಕಳಿಸುತ್ತಾನೆ. ಕಡಲುಗಳ್ಳರ ಹಡಗು ಬಂದರೆ ಎಲ್ಲರಿಗಿಂತ ಮೊದಲು ಅದಕ್ಕೆ ಹಾರುತ್ತಾನೆ. ಕೈ ಮಾಡಲು ಹಿಂದೆಮುಂದೆ ನೋಡುವ ಆಸಾಮಿ ಇವನಲ್ಲ, ಅಲ್ವಾ? ಹಾಗಾದರೆ ಅಮ್ಮನನ್ನು ಮದುವೆಯಾಗಿ ರಾಜನಾದ ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನ ವಿಷಯದಲ್ಲಿ ಮಾತ್ರ ಯಾಕೆ ಹೀಗೆ? ವಿಮರ್ಶಕರು ಏನು ಹೇಳಿದ್ದಾರೆ, ಅದರಲ್ಲಿ ಯಾವುದು ನಾಟಕದ ಮಾತಿಗೆ ಹೊಂದುತ್ತದೆ, ಗೊತ್ತಿದ್ದವರು ಹೇಳಿ.

ಕಾಫಿಕಪ್ಪು
ಮೊದಲನೇ ಅಂಕದಲ್ಲೇ ಕೊಂದುಬಿಟ್ಟರೆ ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಗುತ್ತದಲ್ಲ ಮೇಡಂ. 😀

ಹಳೇಮೇಷ್ಟ್ರು
ಕಾಫಿಕಪ್ಪು ಅವರೇ, ನೀವು ತಮಾಷೆಗೆ ಹೇಳಿದ್ದನ್ನು 1736ರಲ್ಲೇ ಒಬ್ಬ ವಿಮರ್ಶಕ ಗಂಭೀರವಾಗಿ ಬರೆದಿದ್ದಾನೆ. ಹೆಸರು ಹಾಕದೆ ಅಚ್ಚಾದ ಬರಹ ಅದು, ಥಾಮಸ್ ಹ್ಯಾನ್ಮರ್ ಬರೆದದ್ದು ಅಂತ ಬಹುಕಾಲ ನಂಬಿದ್ದರು. ಹ್ಯಾಮ್ಲೆಟ್ ನೇರವಾಗಿ ಕೆಲಸಕ್ಕೆ ಇಳಿದಿದ್ದರೆ ನಾಟಕವೇ ಮುಗಿದುಹೋಗುತ್ತಿತ್ತು, ಆದ್ದರಿಂದ ಕವಿ ತಡ ಮಾಡಿಸಲೇಬೇಕಿತ್ತು. ಆದರೆ ಅದಕ್ಕೊಂದು ಸರಿಯಾದ ಕಾರಣ ಕೊಡಬೇಕಾಗಿತ್ತು, ಕೊಟ್ಟಿಲ್ಲ ಅನ್ನುವುದು ಅವನ ದೂರು.

ಸಂಧ್ಯಾ, ನೀವು ಮೂಲಕಥೆಯಿಂದ ಶುರು ಮಾಡಿ. ಆಗ ಗಂಟು ಎಲ್ಲಿ ಬಿದ್ದಿದೆ ಅಂತ ಕಾಣುತ್ತದೆ. ಈ ಕಥೆ ಶೇಕ್ಸ್‌ಪಿಯರ್ ಕಟ್ಟಿದ್ದಲ್ಲ. ಸುಮಾರು 1200ರ ಹೊತ್ತಿಗೆ ಸ್ಯಾಕ್ಸೋ ಅನ್ನುವ ಡೆನ್ಮಾರ್ಕಿನ ಇತಿಹಾಸಕಾರ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದ. ಅಲ್ಲಿ ಕೊಲೆ ಗುಟ್ಟಲ್ಲ. ತಮ್ಮನೇ ಅಣ್ಣನನ್ನು ಕೊಂದದ್ದು ಊರಿಗೆಲ್ಲ ಗೊತ್ತು. ಅಣ್ಣ ಹೆಂಡತಿಗೆ ಹಿಂಸೆ ಕೊಡುತ್ತಿದ್ದ, ಅವಳನ್ನು ಉಳಿಸಲು ಕೊಂದೆ ಅಂತ ನೆಪವನ್ನೂ ಹೇಳಿಕೊಳ್ಳುತ್ತಾನೆ. ಹೀಗಿರುವಾಗ ಸತ್ತವನ ಮಗ ಚುರುಕಾಗಿದ್ದರೆ ಅವನನ್ನೂ ಮುಗಿಸುತ್ತಾರೆ. ಅದಕ್ಕೇ ಹುಡುಗ ಪೆದ್ದನ ಹಾಗೆ ನಟಿಸುತ್ತಾನೆ. ಒಲೆಯ ಬೂದಿಯಲ್ಲಿ ಹೊರಳುತ್ತಾನೆ. ಮರದ ಕೊಕ್ಕೆಗಳನ್ನು ಕೆತ್ತಿ ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾ ಕೂರುತ್ತಾನೆ. ಯಾಕೋ ಇದು ಅಂತ ಕೇಳಿದರೆ ಅಪ್ಪನ ಸೇಡಿಗೆ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಕೊನೆಗೆ ಅದೇ ಕೊಕ್ಕೆಗಳಿಂದ, ಕುಡಿದು ಬಿದ್ದ ಆಸ್ಥಾನದವರ ಮೇಲೆ ಗೋಡೆಯ ಪರದೆಗಳನ್ನು ಎಳೆದು ಬಿಗಿದು, ಸಭಾಂಗಣಕ್ಕೆ ಬೆಂಕಿ ಇಟ್ಟು, ಚಿಕ್ಕಪ್ಪನ ಮಲಗುವ ಕೋಣೆಗೆ ಹೋಗಿ ಅವನನ್ನು ಕೊಲ್ಲುತ್ತಾನೆ. ಅಲ್ಲಿಯೂ ತಡ ಇದೆ. ಆದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ.

ನಮಗೆ ಸಿಕ್ಕಿರುವ ನಾಟಕದಲ್ಲಿ ಕೊಲೆ ಗುಟ್ಟು. ಹಾವು ಕಚ್ಚಿ ರಾಜ ಸತ್ತ ಅಂತ ದೇಶವೆಲ್ಲ ನಂಬಿದೆ. ವಿಷದ ಸುದ್ದಿ ಹೇಳಲು ಒಂದು ಭೂತ ಬರಬೇಕಾಯಿತು. ಆದರೆ ಹುಚ್ಚಿನ ನಟನೆ ಹಾಗೇ ಉಳಿದಿದೆ. ಚಿಕ್ಕಪ್ಪನಿಗೆ ಅನುಮಾನವೇ ಇಲ್ಲದಿರುವಾಗ ಹುಚ್ಚನ ವೇಷ ಯಾಕೆ? ಆ ವೇಷದಿಂದಲೇ ಅವನಿಗೆ ಅನುಮಾನ ಶುರುವಾಗುತ್ತದೆ! ಹಳೆಯ ಕಾರಣವನ್ನು ತೆಗೆದು, ಹಳೆಯ ನಡವಳಿಕೆಯನ್ನು ಉಳಿಸಿಕೊಂಡಾಗ ಬಿದ್ದ ಖಾಲಿ ಜಾಗ ಇದು. ಆಮೇಲೆ ಬಂದ ವಿಮರ್ಶಕರೆಲ್ಲ ಅದನ್ನೇ ತುಂಬಿಸುತ್ತಾ ಬಂದರು.

ಪರೀಕ್ಷೆ_ಹತ್ರ
ಸರ್ ಇದು 16 ಮಾರ್ಕ್ಸ್‌ಗೆ ಬರುತ್ತಾ? ನೋಟ್ಸ್ ಪಿಡಿಎಫ್ ಇದ್ದರೆ ಹಾಕಿ ಪ್ಲೀಸ್

ಗೊಬ್ಬರದಂಗಡಿ
ನಾನು ನಾಟಕ ಓದಿಲ್ಲ, ಸಿನಿಮಾ ಅರ್ಧ ನೋಡಿದ್ದೇನೆ. ಆದರೆ ಈ ಹುಡುಗನ ಕಷ್ಟ ನನಗೆ ಚೆನ್ನಾಗಿ ಗೊತ್ತು ಕಣ್ರಿ. ನಮ್ಮಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ತೋಟ ಪೂರ್ತಿ ತಮ್ಮ ಹೆಸರಿಗೆ ಮಾಡಿಕೊಂಡರು. ನಮ್ಮಪ್ಪ ಬರೆದುಕೊಟ್ಟಿದ್ದಾರೆ ಅಂತ ಒಂದು ಕಾಗದ ತೋರಿಸಿದರು. ಸಹಿ ಅಪ್ಪನದ್ದಲ್ಲ ಅಂತ ನನಗೆ ಗೊತ್ತು, ತೋರಿಸಲು ಏನೂ ಇಲ್ಲ. ಅಮ್ಮ ಬೇರೆ, ಮನೆ ಮರ್ಯಾದೆ ಬೀದಿಗೆ ತರಬೇಡ ಅಂದರು. ಕೇಸ್ ಹಾಕುತ್ತೇನೆ ಹಾಕುತ್ತೇನೆ ಅಂತ ವರ್ಷಗಳೇ ಹೋದವು. ಊರಿನವರು ನನ್ನನ್ನು ಕೈಲಾಗದವನು ಅಂದರು. ಯೋಚನೆ ಜಾಸ್ತಿ ಆಗಿ ಅಲ್ಲ ಸ್ವಾಮಿ. ಪುರಾವೆ ಇಲ್ಲ, ಅಮ್ಮ ಅಡ್ಡ. ಅಷ್ಟೇ.

ಕಪ್ಪುಕೋಟು_ಧಾರವಾಡ
ಗೊಬ್ಬರದಂಗಡಿ ಅವರು ನಾಟಕ ಓದದೆಯೇ ಸರಿಯಾಗಿ ಹಿಡಿದಿದ್ದಾರೆ. ಇದು ಪುರಾವೆಯ ಸಮಸ್ಯೆ, ಮನಸ್ಸಿನದ್ದಲ್ಲ. ಅವನ ಹತ್ತಿರ ಇರುವ ಸಾಕ್ಷಿ ಯಾರು? ಒಂದು ಭೂತ. ಆ ಭೂತ ವಿಷದ ಮಾತು ಹೇಳಿದ್ದು ಅವನೊಬ್ಬನಿಗೆ. ರಾಜನನ್ನು ಕೊಂದು ಸಭೆಯ ಮುಂದೆ ನಿಂತು "ನಮ್ಮಪ್ಪನ ಭೂತ ಹೇಳಿತು" ಅಂದರೆ ಯಾರು ಒಪ್ಪುತ್ತಾರೆ? ಸಿಂಹಾಸನದ ಆಸೆಗೆ ಕೊಂದ ಅನ್ನುತ್ತಾರೆ. ಅದಕ್ಕೇ ನಾಟಕದೊಳಗೆ ನಾಟಕ ಆಡಿಸಿದ. ಇಡೀ ಸಭೆಯ ಎದುರು ಕ್ಲಾಡಿಯಸ್ ಬೆವರಿ ಎದ್ದು ಹೋದ. ಅಲ್ಲಿಗೆ ಅಪರಾಧ ಬಹಿರಂಗವಾಗಿ ಸಾಬೀತಾಯಿತು. ಆಮೇಲೂ ಸುಮ್ಮನಿದ್ದದ್ದು ಮಾತ್ರ ಅವನ ತಪ್ಪು.

ತೆರೆಯಹಿಂದೆ
ವಕೀಲರೇ, ಒಂದು ನಿಮಿಷ. ಸಾಬೀತಾಗಿಲ್ಲ. ನಾವು ಆ ದೃಶ್ಯವನ್ನು ರಂಗದ ಮೇಲೆ ತಂದಾಗ ಇದೇ ಜಾಗದಲ್ಲಿ ದೊಡ್ಡ ಜಗಳ ಆಗಿತ್ತು. ಒಳನಾಟಕದಲ್ಲಿ ರಾಜನ ಕಿವಿಗೆ ವಿಷ ಹಾಕುವ ಲೂಸಿಯಾನಸ್ ಯಾರು? ರಾಜನ ತಮ್ಮ ಅಲ್ಲ. ರಾಜನ ಅಣ್ಣನ ಮಗ! ಹ್ಯಾಮ್ಲೆಟ್‌ನೇ ಬಾಯಿಬಿಟ್ಟು ಹಾಗೆ ಹೇಳುತ್ತಾನೆ. ಈಗ ಸಭೆಯಲ್ಲಿ ಕೂತವರ ಕಣ್ಣಿನಿಂದ ನೋಡಿ. ಹುಚ್ಚು ಹಿಡಿದಿದೆ ಅಂತ ಎಲ್ಲರೂ ಅಂದುಕೊಂಡಿರುವ ಯುವರಾಜ, ರಾಜನ ಎದುರಿಗೇ, ಅಣ್ಣನ ಮಗ ರಾಜನನ್ನು ಕೊಲ್ಲುವ ನಾಟಕ ಆಡಿಸಿದ. ರಾಜ ಸಿಟ್ಟಿನಿಂದ ಎದ್ದು ಹೋದ. ಅವರಿಗೆ ಇದು ತಪ್ಪೊಪ್ಪಿಗೆ ಅಲ್ಲ, ಕೊಲೆ ಬೆದರಿಕೆ. ಆಮೇಲೆ ಬರುವ ಆಸ್ಥಾನದವರೆಲ್ಲ ರಾಜನ ಪ್ರಾಣಕ್ಕೆ ಅಪಾಯ ಇದೆ ಅಂತಲೇ ಮಾತಾಡುತ್ತಾರೆ. ಗುಟ್ಟು ಗೊತ್ತಾದದ್ದು ಹ್ಯಾಮ್ಲೆಟ್‌ಗೆ ಮತ್ತು ಪಕ್ಕದಲ್ಲಿದ್ದ ಗೆಳೆಯ ಹೊರೇಷಿಯೋಗೆ ಮಾತ್ರ. ಅದೇ ಹೊತ್ತಿಗೆ ಇವನಿಗೆ ಗೊತ್ತಾಗಿದೆ ಅಂತ ಕ್ಲಾಡಿಯಸ್‌ಗೂ ಗೊತ್ತಾಯಿತು. ಪುರಾವೆ ಸಿಕ್ಕಿತು, ಅದರ ಜೊತೆಗೇ ಅವಕಾಶ ಕೈಬಿಟ್ಟಿತು.

ಕೊನೆಯ ದೃಶ್ಯವನ್ನೂ ನೋಡಿ. ಪೊಲೋನಿಯಸ್‌ನ ಮಗ ಲೇರ್ಟಿಸ್ ಎಲ್ಲರ ಮುಂದೆ "ಇದಕ್ಕೆಲ್ಲ ರಾಜನೇ ಕಾರಣ" ಅಂದ ಮೇಲೂ, ಹ್ಯಾಮ್ಲೆಟ್ ಕತ್ತಿ ಚುಚ್ಚಿದ ಕೂಡಲೇ ಸಭೆಯವರು ಕೂಗುವುದು "ರಾಜದ್ರೋಹ, ರಾಜದ್ರೋಹ" ಅಂತ.

ಕಪ್ಪುಕೋಟು_ಧಾರವಾಡ
ಹಾಗಾದರೆ ನನ್ನ ವಾದ ಇನ್ನೂ ಗಟ್ಟಿಯಾಯಿತಲ್ಲ!

ಹಳೇಮೇಷ್ಟ್ರು
ಅರ್ಧ ಗಟ್ಟಿಯಾಯಿತು. ಈ ವಾದಕ್ಕೆ 19ನೇ ಶತಮಾನದಲ್ಲಿ ಜರ್ಮನಿಯ ಕಾರ್ಲ್ ವೆರ್ಡರ್ ದೊಡ್ಡ ವಕೀಲ. ಅಡ್ಡಿ ಹ್ಯಾಮ್ಲೆಟ್‌ನ ಒಳಗಿಲ್ಲ, ಹೊರಗಿದೆ ಅಂತ ಅವನು ಪಟ್ಟು ಹಿಡಿದ. ಕೊಲ್ಲುವುದು ಸುಲಭ, ಕ್ಲಾಡಿಯಸ್ ಬಾಯಿಂದಲೇ ಸತ್ಯ ಹೊರಡಿಸಿ ನ್ಯಾಯ ಅಂತ ತೋರಿಸುವುದು ಕಷ್ಟ, ಸತ್ತ ಬಾಯಿಂದ ತಪ್ಪೊಪ್ಪಿಗೆ ಬರುವುದಿಲ್ಲ ಅನ್ನುವುದು ಅವನ ನಿಲುವು.

ತೊಂದರೆ ಎಲ್ಲಿ ಅಂದರೆ, ಹ್ಯಾಮ್ಲೆಟ್ ಒಂದು ಸಲವೂ ಹಾಗೆ ಹೇಳುವುದಿಲ್ಲ. ಇಷ್ಟುದ್ದ ಸ್ವಗತಗಳಿವೆ. ತನ್ನನ್ನು ಹೇಡಿ ಅಂತಾನೆ, ಮಂದಬುದ್ಧಿ ಅಂತಾನೆ, ಬೈದುಕೊಳ್ಳುತ್ತಾನೆ. ಜನ ನಂಬುವುದಿಲ್ಲ, ಸೈನಿಕರ ಕಾವಲಿದೆ ಅಂತ ಒಂದು ಮಾತು ಇಲ್ಲ. ನಾಲ್ಕನೇ ಅಂಕದಲ್ಲಂತೂ ತನಗೆ ಕಾರಣ, ಮನಸ್ಸು, ಬಲ, ಸಾಧನ ಎಲ್ಲವೂ ಇದೆ, ಆದರೂ ಯಾಕೆ ಸುಮ್ಮನಿದ್ದೇನೆ ಗೊತ್ತಿಲ್ಲ ಅಂತಲೇ ಹೇಳುತ್ತಾನೆ. ಇನ್ನೊಂದು. ಅಪ್ಪ ಸತ್ತ ಸುದ್ದಿ ಕೇಳಿ ಲೇರ್ಟಿಸ್ ಫ್ರಾನ್ಸಿನಿಂದ ಬಂದವನೇ ಜನರ ಗುಂಪು ಕಟ್ಟಿಕೊಂಡು ಅರಮನೆ ಬಾಗಿಲು ಮುರಿಯುತ್ತಾನೆ. ಅವನೊಬ್ಬ ಮಂತ್ರಿಯ ಮಗ. ಹ್ಯಾಮ್ಲೆಟ್‌ನ ಮೇಲೆ ಜನರಿಗೆ ಅದಕ್ಕಿಂತ ಜಾಸ್ತಿ ಪ್ರೀತಿ, ಅದಕ್ಕೇ ಅವನನ್ನು ಬಹಿರಂಗವಾಗಿ ಶಿಕ್ಷಿಸಲು ಹೆದರಿದೆ ಅಂತ ಕ್ಲಾಡಿಯಸ್ಸೇ ಹೇಳುತ್ತಾನೆ. ಲೇರ್ಟಿಸ್‌ಗೆ ಆದದ್ದು ಇವನಿಗೆ ಆಗದೇ ಇರಲು ಕಾರಣ ಬೇಕಲ್ಲ?

ಮನಸಿನಮಾತು
ಯಾರೂ ಫ್ರಾಯ್ಡ್ ಹೆಸರು ಎತ್ತಲಿಲ್ಲ ನೋಡಿ! ಸಂಧ್ಯಾ ಕೇಳಿದ್ದು ಸರಿಯಾಗಿ ಅದೇ ಪ್ರಶ್ನೆ: ಬೇರೆ ಎಲ್ಲರನ್ನೂ ಕೊಲ್ಲುವವನು ಇವನೊಬ್ಬನನ್ನು ಮಾತ್ರ ಯಾಕೆ ಕೊಲ್ಲಲಾರ? ಕನಸುಗಳ ಮೇಲಿನ ಪುಸ್ತಕದಲ್ಲಿ ಫ್ರಾಯ್ಡ್ ಉತ್ತರ ಕೊಟ್ಟ. ಅಪ್ಪನನ್ನು ಅಳಿಸಿ ಅಮ್ಮನ ಪಕ್ಕದಲ್ಲಿ ಜಾಗ ಹಿಡಿಯುವುದು ಮಗುವಾಗಿದ್ದಾಗ ಹ್ಯಾಮ್ಲೆಟ್‌ನ ಒಳಗೂ ಹುದುಗಿದ್ದ ಆಸೆ. ಕ್ಲಾಡಿಯಸ್ ಅದನ್ನು ಮಾಡಿ ತೋರಿಸಿದ. ಅವನನ್ನು ಶಿಕ್ಷಿಸಲು ಹೋದರೆ ತಾನೂ ಅವನಿಗಿಂತ ಮೇಲಲ್ಲ ಅಂತ ಒಳಮನಸ್ಸು ಚುಚ್ಚುತ್ತದೆ. ಫ್ರಾಯ್ಡ್‌ನ ಶಿಷ್ಯ ಅರ್ನೆಸ್ಟ್ ಜೋನ್ಸ್ 1910ರಲ್ಲಿ ಇದನ್ನು ಲೇಖನವಾಗಿ ಬೆಳೆಸಿ, 1949ರಲ್ಲಿ ಪುಸ್ತಕವನ್ನೇ ತಂದ. "ಯಾಕೆ ಅಂತ ನನಗೇ ಗೊತ್ತಿಲ್ಲ" ಅಂತ ಹ್ಯಾಮ್ಲೆಟ್ ಹೇಳುವುದು ಇದಕ್ಕೆ ಎಷ್ಟು ಸರಿಹೊಂದುತ್ತದೆ ನೋಡಿ. ಕಾರಣ ಅವನಿಗೇ ಕಾಣದ ಜಾಗದಲ್ಲಿದೆ.

ಇನ್ನೊಂದು ಗಮನಿಸಿ. ಕೊನೆಗೆ ಅವನ ಕೈ ಎದ್ದದ್ದು ಯಾವಾಗ? ಅಮ್ಮ ಸತ್ತ ಮೇಲೆ.

ಕಾಫಿಕಪ್ಪು
ಬಂತು. ಎಲ್ಲದಕ್ಕೂ ಅಮ್ಮನೇ.

ತೆರೆಯಹಿಂದೆ
ಅಮ್ಮ ಸತ್ತ ಮೇಲೆ ನಿಜ. ಆದರೆ ಅದೇ ಉಸಿರಿನಲ್ಲಿ ಲೇರ್ಟಿಸ್ "ನೀನೂ ಸಾಯುತ್ತಿದ್ದೀಯ, ನಿನಗಿನ್ನು ಅರ್ಧ ಗಂಟೆಯೂ ಇಲ್ಲ" ಅಂತಾನೆ. ಸಾಯುವವನಿಗೆ ತಡ ಮಾಡಲು ಸಮಯವೇ ಇಲ್ಲ. ಕೈಯಲ್ಲಿರುವ ಕತ್ತಿಗೂ ವಿಷ ಸವರಿದೆ. ಇದಕ್ಕೆ ಒಳಮನಸ್ಸು ಬೇಕಾ?

ಮನಸಿನಮಾತು
ಬೇಡ ಅಂತ ನೀವು ಹೇಳುತ್ತೀರಿ. ಹಾಗಾದರೆ ಭೂತ "ಅಮ್ಮನ ತಂಟೆಗೆ ಹೋಗಬೇಡ" ಅಂದರೂ ಅವನು ಅಮ್ಮನ ಕೋಣೆಯಲ್ಲಿ ಅವಳ ಹಾಸಿಗೆಯ ಬಗ್ಗೆಯೇ ಅಷ್ಟು ಹೊತ್ತು ಕೂಗಾಡುವುದು ಯಾಕೆ? ಕೊಲೆಯ ಮಾತು ಅಲ್ಲಿ ಒಂದೆರಡು ಸಾಲು. ಉಳಿದದ್ದೆಲ್ಲ ಹಾಸಿಗೆ.

ಹಳೇಮೇಷ್ಟ್ರು
ಮನಸಿನಮಾತು ಅವರ ಈ ಗಮನ ಸರಿಯಾದದ್ದೇ. ಅದನ್ನು ವಿವರಿಸಲು ಫ್ರಾಯ್ಡ್ ಒಬ್ಬನೇ ದಾರಿ ಅಲ್ಲ. ಎ.ಸಿ. ಬ್ರಾಡ್ಲಿ 1904ರಲ್ಲಿ ಹೇಳಿದ್ದು: ಭೂತ ಬರುವ ಮೊದಲೇ, ಅಮ್ಮನ ಅವಸರದ ಮದುವೆಯಿಂದ ಇವನು ಕುಸಿದುಹೋಗಿದ್ದಾನೆ. ಮೊದಲ ಸ್ವಗತದಲ್ಲೇ ಸಾಯುವ ಆಸೆ ಇದೆ, ಆಗ ಕೊಲೆಯ ಸುದ್ದಿಯೇ ಗೊತ್ತಿಲ್ಲ. ಆ ವಿಷಾದಕ್ಕೆ ಸಿಕ್ಕಿದವನು ತಟ್ಟನೆ ಎದುರಾದದ್ದಕ್ಕೆ ಚುರುಕಾಗಿ ಕೈ ಮಾಡುತ್ತಾನೆ, ಮುಂದಿಟ್ಟುಕೊಂಡ ದೊಡ್ಡ ಕೆಲಸ ಮಾತ್ರ ಹಿಡಿಯಲಾರ. ಸಂಧ್ಯಾ ಪಟ್ಟಿ ಮಾಡಿದ ಕಡಲುಗಳ್ಳರು, ಪರದೆ, ಕಾಗದ ಎಲ್ಲ ತಟ್ಟನೆ ಬಂದವೇ. ನನಗೆ ಇಂದಿಗೂ ಬ್ರಾಡ್ಲಿಯೇ ಹತ್ತಿರ. ಹಳಬ ನಾನು.

ಸಂಧ್ಯಾ_ಹಾಸನ
ಸರ್, ಇದು ಚೆನ್ನಾಗಿದೆ. ಆದರೆ ಪ್ರಾರ್ಥನೆಯ ದೃಶ್ಯ ತಟ್ಟನೆ ಬಂದ ಅವಕಾಶವೇ ಅಲ್ವಾ? ರಾಜ ಒಬ್ಬನೇ, ಮೊಣಕಾಲೂರಿದ್ದಾನೆ, ಬೆನ್ನು ಈ ಕಡೆ. ಕತ್ತಿ ಒರೆಯಿಂದ ಎಳೆದಾಗಿದೆ. ಅಲ್ಲಿ ಯಾಕೆ ಬಿಟ್ಟ? ಈಗ ಕೊಂದರೆ ಸ್ವರ್ಗಕ್ಕೆ ಹೋಗುತ್ತಾನೆ ಅನ್ನುವ ಕಾರಣ ನನಗೆ ನೆಪದ ಹಾಗೆ ಕಾಣುತ್ತದೆ.

ಹಳೇಮೇಷ್ಟ್ರು
ಸರಿಯಾದ ಜಾಗಕ್ಕೆ ಬಂದಿರಿ. ಯಾವ ವಾದ ಆಗಲಿ, ಅದನ್ನು ಈ ದೃಶ್ಯದ ಮುಂದೆ ನಿಲ್ಲಿಸಿ ನೋಡಬೇಕು.

ಕ್ಲಾಡಿಯಸ್ ಪಾಪ ಒಪ್ಪಿಕೊಂಡು ಪ್ರಾರ್ಥಿಸುತ್ತಿದ್ದಾನೆ, ಈಗ ಕೊಂದರೆ ಅವನ ಆತ್ಮ ಪಾರಾಗುತ್ತದೆ. ಕುಡಿದು ಮಲಗಿದಾಗಲೋ, ಜೂಜಾಡುವಾಗಲೋ, ಹಾಸಿಗೆಯಲ್ಲಿದ್ದಾಗಲೋ ಕೊಂದರೆ ನೇರ ನರಕಕ್ಕೆ ಹೋಗುತ್ತಾನೆ ಅಂತ ಹ್ಯಾಮ್ಲೆಟ್ ಹೇಳುತ್ತಾನೆ. 1765ರ ತಮ್ಮ ಆವೃತ್ತಿಯಲ್ಲಿ ಡಾಕ್ಟರ್ ಜಾನ್ಸನ್ ಈ ಮಾತನ್ನು ಇದ್ದ ಹಾಗೇ ತೆಗೆದುಕೊಂಡು ಬೆಚ್ಚಿಬಿದ್ದರು. ಓದಲೂ ಬಾರದ, ಬಾಯಲ್ಲಿ ಆಡಲೂ ಬಾರದ ಭಯಂಕರ ಮಾತು ಅಂದರು. ಒಬ್ಬನ ದೇಹ ಕೊಂದರೆ ಸಾಲದು, ಆತ್ಮವೂ ಸುಡಬೇಕು ಅನ್ನುವವನು ನಾಯಕನೇ?

ಅರ್ಧ ಶತಮಾನದ ನಂತರ ಕೋಲ್‌ರಿಜ್ ಮತ್ತು ಹ್ಯಾಜ್ಲಿಟ್ ಬಂದರು. ಇಂಥ ಸೂಕ್ಷ್ಮ ಮನಸ್ಸಿನವನು ನಿಜವಾಗಿ ಹಾಗೆ ಯೋಚಿಸುತ್ತಾನಾ, ಇದು ತನ್ನ ಕೈಲಾಗದತನಕ್ಕೆ ತಾನೇ ಹೇಳಿಕೊಂಡ ನೆಪ ಅಂದರು. ನಿಮ್ಮ ಗೈಡ್‌ನ "ಅತಿಯಾಗಿ ಯೋಚಿಸುತ್ತಾನೆ" ಅಲ್ಲಿಂದ ಬಂದದ್ದು. ಕೋಲ್‌ರಿಜ್ ತನ್ನಲ್ಲೂ ಒಂದಿಷ್ಟು ಹ್ಯಾಮ್ಲೆಟ್ ಇದ್ದಾನೆ ಅಂತ ಹೇಳಿಕೊಂಡವನು. ಎಷ್ಟೋ ಕೆಲಸಗಳನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟವನು ಅವನು. ತನ್ನ ಮುಖವನ್ನೇ ನಾಟಕದಲ್ಲಿ ಕಂಡ ಅಂತ ನನ್ನ ಅನುಮಾನ.

ನೆಪ ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಈ ಲೆಕ್ಕ ಹ್ಯಾಮ್ಲೆಟ್ ಆಗ ಹುಟ್ಟಿಸಿಕೊಂಡದ್ದಲ್ಲ. ಒಂದನೇ ಅಂಕದಲ್ಲಿ ಭೂತ ಅತ್ತುಕೊಂಡದ್ದು ಇದನ್ನೇ: ಪಾಪ ತುಂಬಿದ್ದಾಗಲೇ ಕೊಂದರು, ತಪ್ಪೊಪ್ಪಿಗೆಗೆ, ಕಡೆಯ ಸಂಸ್ಕಾರಕ್ಕೆ ಸಮಯ ಕೊಡಲಿಲ್ಲ ಅಂತ. ಅಪ್ಪನಿಗೆ ಸಿಗದ ಅವಕಾಶ ಕೊಂದವನಿಗೆ ಸಿಗುವುದಾದರೆ ಅದು ಸೇಡು ಹೇಗಾಗುತ್ತದೆ? ಸರಿಗೆ ಸರಿ ಬೇಕು ಅನ್ನುವವನಿಗೆ ಇದು ನೆಪ ಅಲ್ಲ, ಕಾರಣ.

ರೀಟಾ_ಮಂಗಳೂರು
ಮೇಷ್ಟ್ರೇ, ಇದನ್ನು ಓದಿ ಬರೆಯಬೇಕು ಅನ್ನಿಸಿತು. ನಾವು ಕಥೋಲಿಕರು. ನಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ಗಂಭೀರ ಅಂದರೆ ಮೊದಲು ಓಡುವುದು ಪಾದ್ರಿಗಳನ್ನು ಕರೆತರಲು. ಪಾಪನಿವೇದನೆ, ಪರಮಪ್ರಸಾದ, ಎಣ್ಣೆ ಹಚ್ಚುವುದು. ನಮ್ಮಜ್ಜಿಗೆ ಸಾವಿನ ಭಯ ಇರಲಿಲ್ಲ, ಇದಾಗದೆ ಸಾಯುವ ಭಯ ಇತ್ತು. ಹಾಗಾಗಿ ಆ ಭೂತದ ಅಳಲು ನನಗೆ ಅಲಂಕಾರದ ಮಾತಾಗಿ ಕೇಳುವುದಿಲ್ಲ.

ಆದರೆ ನನಗೊಂದು ಗೊಂದಲ. ಭೂತ ತಾನು ಹಗಲು ಬೆಂಕಿಯಲ್ಲಿ ಪಾಪ ಸುಟ್ಟುಕೊಳ್ಳುತ್ತೇನೆ, ಇಷ್ಟು ಕಾಲ ಅಂತ ಶಿಕ್ಷೆ ಇದೆ ಅನ್ನುತ್ತದೆ. ಅದು ಶುದ್ಧೀಕರಣ ಸ್ಥಳ, ನರಕ ಅಲ್ಲ. ಅಲ್ಲಿರುವ ಆತ್ಮಗಳು ನಮ್ಮಿಂದ ಕೇಳುವುದು ಪ್ರಾರ್ಥನೆ, ಪೂಜೆ. ಕೊಲೆ ಮಾಡು ಅಂತ ಕೇಳುವ ಆತ್ಮ ಶುದ್ಧೀಕರಣ ಸ್ಥಳದಿಂದ ಬಂದಿರಲು ಹೇಗೆ ಸಾಧ್ಯ?

ಹಳೇಮೇಷ್ಟ್ರು
ರೀಟಾ ಅವರೇ, ಎಲೀನರ್ ಪ್ರಾಸರ್ 1967ರಲ್ಲಿ ಇದೇ ಪ್ರಶ್ನೆಯ ಮೇಲೆ ಪುಸ್ತಕ ಬರೆದರು. ಸೇಡು ಕೇಳುವ ಭೂತ ಸೈತಾನನ ಕಡೆಯದ್ದೇ ಇರಬೇಕು ಅನ್ನುವುದು ಅವರ ವಾದ. ಆ ಕಾಲದ ಚರ್ಚು ಖಾಸಗಿ ಸೇಡನ್ನು ಪಾಪ ಅಂತಲೇ ಬೋಧಿಸುತ್ತಿತ್ತು. ಹಾಗೆ ನೋಡಿದರೆ ತಡ ದೋಷವೇ ಅಲ್ಲ, ಮನಸ್ಸಾಕ್ಷಿ ಇನ್ನೂ ಜೀವಂತವಾಗಿದೆ ಅನ್ನುವ ಗುರುತು. ಪ್ರಾರ್ಥನೆಯ ದೃಶ್ಯದಲ್ಲಿ ಅವನು ಕೊಲ್ಲದೆ ಬಿಟ್ಟದ್ದಲ್ಲ ತಪ್ಪು, ಕೊಲ್ಲದಿರಲು ಕೊಟ್ಟುಕೊಂಡ ಕಾರಣ ತಪ್ಪು.

ಇದರ ಮೇಲೆ ಇನ್ನೊಂದು ತೊಡಕು. ಇಂಗ್ಲೆಂಡಿನ ಚರ್ಚು ಶುದ್ಧೀಕರಣ ಸ್ಥಳದ ನಂಬಿಕೆಯನ್ನೇ 1563ರ ಹೊತ್ತಿಗೆ ತಳ್ಳಿಹಾಕಿತ್ತು. ಹ್ಯಾಮ್ಲೆಟ್ ಓದುತ್ತಿದ್ದದ್ದು ಎಲ್ಲಿ? ಲೂಥರ್‌ನ ವಿಟೆನ್‌ಬರ್ಗ್‌ನಲ್ಲಿ. ಅಪ್ಪ ಬಂದದ್ದು ಮಗ ಕಲಿತ ಪಾಠದಲ್ಲಿ ಇಲ್ಲದ ಜಾಗದಿಂದ. ಸ್ಟೀಫನ್ ಗ್ರೀನ್‌ಬ್ಲಾಟ್ 2001ರಲ್ಲಿ ಇದನ್ನೇ ಹಿಡಿದು ಬರೆದರು. ಸತ್ತವರಿಗಾಗಿ ಏನು ಮಾಡಬೇಕು ಅನ್ನುವ ಹಳೆಯ ವಿಧಿಗಳೆಲ್ಲ ನಿಂತುಹೋದ ದೇಶದಲ್ಲಿ "ನನ್ನನ್ನು ನೆನಪಿಡು" ಅಂತ ಒಬ್ಬ ಅಪ್ಪ ಬಂದು ನಿಂತರೆ ಮಗ ಏನು ಮಾಡಬೇಕು? "ಆ ಭೂತ ಸೈತಾನನೂ ಇರಬಹುದು" ಅಂತ ಎರಡನೇ ಅಂಕದಲ್ಲಿ ಹ್ಯಾಮ್ಲೆಟ್ ಹೇಳುವುದನ್ನು ಆ ಕಾಲದವರು ನೆಪ ಅಂತ ತಳ್ಳಿಹಾಕುತ್ತಿರಲಿಲ್ಲ.

ತೆರೆಯಹಿಂದೆ
ಪ್ರಾರ್ಥನೆಯ ದೃಶ್ಯದಲ್ಲಿ ನನಗೆ ಇಷ್ಟವಾದದ್ದು ಬೇರೆ. ಹ್ಯಾಮ್ಲೆಟ್ ಹೊರಟುಹೋದ ಮೇಲೆ ಕ್ಲಾಡಿಯಸ್ ಎದ್ದು ನಿಂತು, ಮಾತು ಮೇಲೆ ಹೋಗುತ್ತಿದೆ, ಮನಸ್ಸು ಕೆಳಗೇ ಉಳಿದಿದೆ ಅನ್ನುತ್ತಾನೆ. ಅಂದರೆ ಪ್ರಾರ್ಥನೆ ಆಗಲೇ ಇಲ್ಲ! ಕಿರೀಟ ಬಿಡಲಾರ, ರಾಣಿಯನ್ನು ಬಿಡಲಾರ, ಕ್ಷಮೆ ಎಲ್ಲಿಂದ ಸಿಗಬೇಕು? ಹ್ಯಾಮ್ಲೆಟ್‌ನ ಲೆಕ್ಕದ ಪ್ರಕಾರವೇ ಅದು ಕೊಲ್ಲಲು ತಕ್ಕ ಗಳಿಗೆ. ಅವನಿಗೆ ಗೊತ್ತಾಗಲಿಲ್ಲ, ಪ್ರೇಕ್ಷಕರಿಗೆ ಗೊತ್ತಾಯಿತು. ನಾವು ಆಡಿದಾಗ ಈ ಸಾಲಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು "ಅಯ್ಯೋ" ಅಂತ ಜೋರಾಗಿ ಅಂದೇಬಿಟ್ಟರು.

ಕುಂದಾಪ್ರದವ
ಇದೆಲ್ಲ ಓದಿ ನನಗೆ ಅಶ್ವತ್ಥಾಮ ನೆನಪಾದ ಮಾರಾಯ್ರೆ. ಅವನಿಗೂ ಅಪ್ಪನ ಸಾವಿನ ಸೇಡು. ಯೋಚನೆ ಗೀಚನೆ ಇಲ್ಲ, ರಾತ್ರಿ ಶಿಬಿರಕ್ಕೆ ನುಗ್ಗಿದ, ಮಲಗಿದವರನ್ನು ಕೊಂದ. ಪರಿಣಾಮ ಏನು? ಮಕ್ಕಳನ್ನು ಕೊಂದವ ಅಂತ ಶಾಪ ಹೊತ್ತುಕೊಂಡು ಅಲೆಯುವುದು. ತಡ ಮಾಡಿದ್ದೇ ಒಳ್ಳೇದಲ್ದಾ?

ಕಾಫಿಕಪ್ಪು
ದ್ರೋಣರು ಸತ್ತದ್ದು 15ನೇ ದಿನ. ಇವನು ನುಗ್ಗಿದ್ದು 18ನೇ ದಿನದ ರಾತ್ರಿ. ಅಲ್ಲೂ ಮೂರು ದಿನ ತಡ ಇದೆ. 😀

ಕುಂದಾಪ್ರದವ
ಅಷ್ಟು ದಿನ ಯುದ್ಧ ನಡೀತಿತ್ತು ಮಾರಾಯ್ರೆ, ರಜೆ ಇರಲಿಲ್ಲ! ಅಂದಹಾಗೆ ಕುವೆಂಪು ಅವರ 'ರಕ್ತಾಕ್ಷಿ' ಹ್ಯಾಮ್ಲೆಟ್‌ನ್ನೇ ಬಿದನೂರಿಗೆ ತಂದದ್ದು ಅಲ್ವಾ? ಶಾಲೆಯಲ್ಲಿದ್ದಾಗ ಓದಿದ್ದು.

ಹಳೇಮೇಷ್ಟ್ರು
ಹೌದು, ಅದೇ. ಬಿದನೂರಿನ ಅರಸುಮನೆಯ ಕಥೆಯಾಗಿ ಬರೆದಿದ್ದಾರೆ. ಅದಕ್ಕೆ ಬೇರೆಯೇ ಎಳೆ ತೆಗೆಯಿರಿ, ನಾನೂ ಬರುತ್ತೇನೆ.

ದಿನಗಣನೆ
ನಾನು ಲೆಕ್ಕಪತ್ರದವನು, ಸಾಹಿತ್ಯದವನಲ್ಲ. ಒಂದು ಸರಳ ಪ್ರಶ್ನೆ. ತಡ ತಡ ಅನ್ನುತ್ತೀರಲ್ಲ, ಎಷ್ಟು ತಡ? ನಾಟಕ ತೆಗೆದು ನೋಡಿದೆ. ಒಂದನೇ ಅಂಕದಲ್ಲಿ ಹ್ಯಾಮ್ಲೆಟ್, ಅಪ್ಪ ಸತ್ತು ಎರಡು ತಿಂಗಳೂ ಆಗಿಲ್ಲ ಅನ್ನುತ್ತಾನೆ. ಒಳನಾಟಕದ ರಾತ್ರಿ ಪೊಲೋನಿಯಸ್‌ನ ಮಗಳು ಒಫೀಲಿಯಾ, ಎರಡೆರಡು ತಿಂಗಳಾಯಿತು ಅನ್ನುತ್ತಾಳೆ, ಅಂದರೆ ನಾಲ್ಕು. ಮಧ್ಯೆ ಸುಮಾರು ಎರಡು ತಿಂಗಳು ಹೋಗಿದೆ. ಆದರೆ ಆ ಎರಡು ತಿಂಗಳು ರಂಗದ ಮೇಲೆ ಇಲ್ಲ! ಒಂದನೇ ಅಂಕಕ್ಕೂ ಎರಡನೇ ಅಂಕಕ್ಕೂ ನಡುವೆ ಹೋಗಿಬಿಟ್ಟಿದೆ. ನಾರ್ವೆಗೆ ಹೋದ ದೂತರು ವಾಪಸ್ ಬಂದದ್ದು, ಪ್ಯಾರಿಸ್‌ನಲ್ಲಿರುವ ಮಗನಿಗೆ ಪೊಲೋನಿಯಸ್ ದುಡ್ಡು ಕಳಿಸುವುದು, ಇಂಥದ್ದರಿಂದ ಸುಮ್ನೆ ಗೊತ್ತಾಗುತ್ತದೆ.

ಎರಡನೇ ಅಂಕದಲ್ಲಿ ನಟರು ಬಂದ ಕೂಡಲೇ "ನಾಳೆ ರಾತ್ರಿ ಆಡಿ" ಅನ್ನುತ್ತಾನೆ. ಮರುದಿನ ರಾತ್ರಿ ಆಡುತ್ತಾರೆ. ಅದೇ ರಾತ್ರಿ ಪ್ರಾರ್ಥನೆ, ಅದೇ ರಾತ್ರಿ ಪೊಲೋನಿಯಸ್ ಕೊಲೆ. ಹಿಂದೆಯೇ ಇಂಗ್ಲೆಂಡಿಗೆ ಹಡಗು. ಅಂದರೆ ಖಾತ್ರಿಯಾದ ಮೇಲೆ ಸಿಕ್ಕ ಅವಕಾಶ ಒಂದೇ ಒಂದು. ಮುಂದಿನ ಸಲ ಪರದೆಯ ಹಿಂದೆ ರಾಜನೇ ಇದ್ದಾನೆ ಅಂದುಕೊಂಡು ಚುಚ್ಚೇಬಿಟ್ಟ. ಇದನ್ನು ತಡ ಅಂತ ಕರೆಯುವುದು ಹೇಗೆ?

ಹಳೇಮೇಷ್ಟ್ರು
ಸಾಹಿತ್ಯದವನಲ್ಲ ಅಂತ ಹೇಳಿಕೊಂಡು ಇಡೀ ಎಳೆಯ ಬುಡಕ್ಕೇ ಕೈ ಹಾಕಿದಿರಲ್ಲ! ಇ.ಇ. ಸ್ಟಾಲ್ 1919ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಸೇಡಿನ ನಾಟಕಗಳಲ್ಲಿ ನಾಯಕ ಕೊನೆಯ ಅಂಕದವರೆಗೆ ಕಾಯುವುದು ರೂಢಿ, ಥಾಮಸ್ ಕಿಡ್‌ನ ಹಿಯರಾನಿಮೋ ಕೂಡ ಮಗನ ಸಾವಿಗೆ ಸೇಡು ತೀರಿಸುವ ಮೊದಲು ಹೀಗೇ ಒದ್ದಾಡುತ್ತಾನೆ, ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಆ ಕಾಲದ ಪ್ರೇಕ್ಷಕನಿಗೆ ಅದು ಮನೋರೋಗವಾಗಿ ಕಾಣುತ್ತಿರಲಿಲ್ಲ, ಕಥೆ ಮುಂದೆ ಹೋಗುವ ರೀತಿಯಾಗಿ ಕಾಣುತ್ತಿತ್ತು. ಮಾರ್ಗ್ರೆಟಾ ಡಿ ಗ್ರಾಜಿಯಾ 2007ರಲ್ಲಿ ಇನ್ನೂ ಮುಂದೆ ಹೋದರು. ತಡದ ಹಿಂದೆ ಒಂದು ಆಳವಾದ ಮನಸ್ಸನ್ನು ಹುಡುಕುವ ಚಟ ಸುಮಾರು 1800ರ ನಂತರದ್ದು, ಅದಕ್ಕೂ ಮೊದಲು ಜನ ಗಮನಿಸುತ್ತಿದ್ದದ್ದು ಬೇರೆ ವಿಷಯ ಅಂದರು. ರಾಜನ ಮಗ ಸಿಂಹಾಸನ ಕಳೆದುಕೊಂಡಿದ್ದಾನೆ, ಅದನ್ನೇ ಮರೆತಿದ್ದೇವೆ ಅಂತ ಅವರ ಆಕ್ಷೇಪ.

ಗೊಬ್ಬರದಂಗಡಿ
ಅದನ್ನೇ ನಾನು ಹೇಳಿದ್ದು. ತೋಟ ಹೋಯಿತು ಅಂತ.

ಮನಸಿನಮಾತು
ತಡವೇ ಇಲ್ಲ ಅನ್ನುವುದು ಜಾಣತನ, ಒಪ್ಪಿದೆ. ಆದರೆ ಭೂತ ಎರಡನೇ ಸಲ ಅಮ್ಮನ ಕೋಣೆಗೆ ಬರುವುದು ಯಾಕೆ? "ಮೊಂಡಾದ ನಿನ್ನ ಸಂಕಲ್ಪಕ್ಕೆ ಸಾಣೆ ಹಿಡಿಯಲು ಬಂದೆ" ಅಂತ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಕಂಡ ಕೂಡಲೇ ಹ್ಯಾಮ್ಲೆಟ್, ತಡ ಮಾಡಿದ ಮಗನನ್ನು ಬೈಯಲು ಬಂದೆಯಾ ಅಂತ ಕೇಳುತ್ತಾನೆ. ಅಪ್ಪನೂ ತಡ ಅನ್ನುತ್ತಾನೆ, ಮಗನೂ ತಡ ಅನ್ನುತ್ತಾನೆ. ಲೆಕ್ಕಪತ್ರದವರು ಮಾತ್ರ ಇಲ್ಲ ಅನ್ನುತ್ತಾರೆ.

ದಿನಗಣನೆ
ಅಪ್ಪಂದಿರು ಹಾಗೇ ಅನ್ನುವುದು. ಅದು ಪುರಾವೆ ಅಲ್ಲ.

ಸಂಧ್ಯಾ_ಹಾಸನ
ನನಗೆ ದಿನಗಣನೆ ಅವರ ಮಾತು ಬಹಳ ಹಿಡಿಸಿತು. ಆದರೆ ಆ ನಾಲ್ಕನೇ ಅಂಕದ ಸ್ವಗತ ಇದೆಯಲ್ಲ, ಪೋಲೆಂಡಿನ ಒಂದು ತುಂಡು ನೆಲಕ್ಕಾಗಿ ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್‌ನ ಸೈನ್ಯ ಹೋಗುವುದನ್ನು ನೋಡಿ ತನಗೆ ತಾನೇ ಛೀಮಾರಿ ಹಾಕಿಕೊಳ್ಳುವುದು. ಅದನ್ನು ಹೇಗೆ ದಾಟುತ್ತೀರಿ? ಯೋಚನೆ ಜಾಸ್ತಿಯಾಯಿತೇನೋ ಅಂತ ಅವನೇ ಅಲ್ಲಿ ಹೇಳುತ್ತಾನೆ. ಗೈಡ್ ಬರೆದವರು ಅದನ್ನೇ ಎತ್ತಿ ಹಾಕಿದ್ದಾರೆ.

ಹಳೇಮೇಷ್ಟ್ರು
ಸಂಧ್ಯಾ, ಆ ಸ್ವಗತ ಎಲ್ಲ ಪ್ರತಿಗಳಲ್ಲೂ ಇಲ್ಲ. ಈ ನಾಟಕ ಮೂರು ರೂಪದಲ್ಲಿ ಸಿಕ್ಕಿದೆ. ಕ್ವಾರ್ಟೊ ಅಂದರೆ ಸಣ್ಣ ಆಕಾರದ ಪುಸ್ತಕ, ಫೋಲಿಯೊ ಅಂದರೆ ದೊಡ್ಡ ಆಕಾರದ್ದು. 1603ರ ಚಿಕ್ಕ ಕ್ವಾರ್ಟೊ, ಮರುವರ್ಷದ ಉದ್ದದ ಕ್ವಾರ್ಟೊ, 1623ರ ಫೋಲಿಯೊ. ಫಾರ್ಟಿನ್‌ಬ್ರಾಸ್‌ನ ಸೈನ್ಯ ಕಂಡು ಹ್ಯಾಮ್ಲೆಟ್ ಆಡುವ ಆ ಮಾತೆಲ್ಲ ಇರುವುದು ಎರಡನೆಯದರಲ್ಲಿ ಮಾತ್ರ. ಫೋಲಿಯೊದಲ್ಲಿ ಸೈನ್ಯ ಬಂದು ಹೋಗುತ್ತದೆ, ಹ್ಯಾಮ್ಲೆಟ್ ಅಲ್ಲಿ ಬರುವುದೇ ಇಲ್ಲ. ಕವಿಯೇ ತೆಗೆದರೋ, ಆಡುವವರು ಉದ್ದವಾಯಿತು ಅಂತ ತೆಗೆದರೋ, ಇಂದಿಗೂ ಜಗಳ ಇದೆ. ಅಂತೂ "ಯಾಕೆ ಸುಮ್ಮನಿದ್ದೇನೆ ಗೊತ್ತಿಲ್ಲ" ಅನ್ನುವ ಆ ದೊಡ್ಡ ಸಾಕ್ಷಿ ಫೋಲಿಯೊ ಓದುವವನ ಕೈಗೆ ಸಿಗುವುದಿಲ್ಲ.

ತೆರೆಯಹಿಂದೆ
1603ರ ಪ್ರತಿಯಲ್ಲಿ ಇನ್ನೊಂದು ಮಜಾ ಇದೆ. "ಇರುವುದೋ ಇಲ್ಲದಿರುವುದೋ" ಸ್ವಗತ ಅಲ್ಲಿ ಮೊದಲೇ ಬಂದುಬಿಡುತ್ತದೆ, ನಟರು ಬರುವುದಕ್ಕೂ ಮುಂಚೆ. ನಮಗೆ ಪರಿಚಯ ಇರುವ ನಾಟಕದಲ್ಲಿ ಹ್ಯಾಮ್ಲೆಟ್ ಹಿಂದಿನ ದಿನ "ನಾಟಕ ಆಡಿಸಿ ರಾಜನನ್ನು ಹಿಡಿಯುತ್ತೇನೆ" ಅಂತ ಹುರುಪಿನಿಂದ ಹೋಗುತ್ತಾನೆ, ಮರುದಿನ ಬಂದು ಸಾಯಲಾ ಬದುಕಲಾ ಅಂತ ಮಂಕಾಗಿ ನಿಲ್ಲುತ್ತಾನೆ. ಹಳೆಯ ಪ್ರತಿಯಲ್ಲಿ ಮೊದಲು ಮಂಕು, ಆಮೇಲೆ ನಟರು, ಆಮೇಲೆ ಉಪಾಯ, ಆಮೇಲೆ ಕೆಲಸ. ನೇರ ದಾರಿ. ಆ ಕ್ರಮದಲ್ಲಿ ಆಡಿದರೆ ಇವನು ತಡ ಮಾಡುವವನಾಗಿ ಕಾಣುವುದೇ ಇಲ್ಲ. ನಾನು ಎರಡೂ ಕ್ರಮದಲ್ಲಿ ತಾಲೀಮು ಮಾಡಿಸಿ ನೋಡಿದ್ದೇನೆ. ನಟನ ನಡಿಗೆಯೇ ಬದಲಾಗುತ್ತದೆ.

ಮನಸಿನಮಾತು
ಆ ಪ್ರತಿಯನ್ನು ಕೆಟ್ಟ ಕ್ವಾರ್ಟೊ ಅಂತಲೇ ಕರೆಯುತ್ತಾರೆ. ಯಾರೋ ನಟ ನೆನಪಿನಿಂದ ಒಪ್ಪಿಸಿದ್ದು ಇರಬಹುದು ಅಂತಾರೆ. ಅದರ ಮೇಲೆ ವಾದ ಕಟ್ಟುತ್ತೀರಾ?

ತೆರೆಯಹಿಂದೆ
ನೆನಪಿನಿಂದ ಒಪ್ಪಿಸಿದ್ದಾದರೆ ಇನ್ನೂ ಒಳ್ಳೆಯದು. ರಂಗದ ಮೇಲೆ ನಿಂತವನೊಬ್ಬನಿಗೆ ಕಥೆ ಆ ಕ್ರಮದಲ್ಲಿ ನೆನಪಿತ್ತು ಅಂತಾಯಿತು.

ಮನಸಿನಮಾತು
ಅಥವಾ ಅವನಿಗೆ ಮರೆತುಹೋಗಿತ್ತು ಅಂತಾಯಿತು.

ಪರೀಕ್ಷೆ_ಹತ್ರ
ಸರ್ ಹಾಗಾದರೆ ಉತ್ತರದಲ್ಲಿ ಯಾವ ಪ್ರತಿ ಅಂತ ಬರೆಯಬೇಕಾ? ನಮ್ಮ ಸಿಲಬಸ್‌ನಲ್ಲಿ ಬರೀ ಹ್ಯಾಮ್ಲೆಟ್ ಅಂತ ಇದೆ

ಹಳೇಮೇಷ್ಟ್ರು
ನಿಮ್ಮ ಪಠ್ಯದ ಮುನ್ನುಡಿ ತೆಗೆದು ನೋಡಪ್ಪ. ಯಾವ ಪ್ರತಿ ಹಿಡಿದು ಅಚ್ಚು ಮಾಡಿದ್ದೇವೆ ಅಂತ ಸಂಪಾದಕರು ಬರೆದಿರುತ್ತಾರೆ. ಹೆಚ್ಚಿನವು ಎರಡನೇ ಕ್ವಾರ್ಟೊ, ಫೋಲಿಯೊ ಎರಡನ್ನೂ ಸೇರಿಸಿ ಹೊಲಿದವು, ಅದಕ್ಕೇ ಅಷ್ಟು ಉದ್ದ. ನಾಲ್ಕನೇ ಅಂಕದ ನಾಲ್ಕನೇ ದೃಶ್ಯ ತೆರೆದು ಹ್ಯಾಮ್ಲೆಟ್ ಅಲ್ಲಿ ಮಾತಾಡುತ್ತಾನಾ ನೋಡಿ, ಗೊತ್ತಾಗುತ್ತದೆ.

ಕಪ್ಪುಕೋಟು_ಧಾರವಾಡ
ಮೇಷ್ಟ್ರೇ, ಒಂದು ಸಾಕ್ಷಿ ಒಂದು ಪ್ರತಿಯಲ್ಲಿ ಮಾತ್ರ ಇದ್ದರೆ ನಮ್ಮ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ವೆರ್ಡರ್ ಪರ ನನ್ನ ಮೇಲ್ಮನವಿ ಇನ್ನೂ ಇದೆ. ಲೇರ್ಟಿಸ್‌ನ ಗುಂಪಿನ ವಿಷಯಕ್ಕೆ ನಾಳೆ ಉತ್ತರ ಹಾಕುತ್ತೇನೆ, ಇವತ್ತು ಕಕ್ಷಿದಾರರು ಕಾಯುತ್ತಿದ್ದಾರೆ.

ಕಾಫಿಕಪ್ಪು
ನೋಡಿ, ಇವರೂ ತಡ ಮಾಡಿದರು.